ತಿಳಿಸಾರು ಊಟದ ಲೆಕ್ಕಕ್ಕೆ ಬರುತ್ತದಾ?

ಊಟದ ಲೆಕ್ಕ ಬರೆಯಲು ಶುರು ಮಾಡಿದಾಗ ನಾನು ಮಾಡಿದ ಮೊದಲ ತಪ್ಪು ಸಾರಿನದ್ದೇ. ಮಧ್ಯಾಹ್ನ ಒಂದು ಬಟ್ಟಲು ತಿಳಿಸಾರು ಕುಡಿದು ಅದರ ಎದುರಿಗೆ 18 ಗ್ರಾಂ ಪ್ರೋಟೀನ್ ಅಂತ ಬರೆದಿದ್ದೆ. ಆ ಸಂಖ್ಯೆ ಸುಳ್ಳಲ್ಲ. ಆದರೆ ಅದು ನೀರು ಬಸಿದ, ಒಂದು ಕಪ್ ತುಂಬಾ ಇರುವ ಬೆಂದ ಮಸೂರದ ಲೆಕ್ಕ. ನನ್ನ ಬಟ್ಟಲಲ್ಲಿ ಇದ್ದದ್ದು ಹೆಚ್ಚುಕಡಿಮೆ ಬರೀ ನೀರು.

ಇದಕ್ಕಿಂತ ದೊಡ್ಡ ತಪ್ಪೂ ಆಗುತ್ತದೆ. ಒಣ ತೊಗರಿಬೇಳೆಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಇದನ್ನು 200 ಗ್ರಾಂ ಸಾರಿಗೆ ನೇರವಾಗಿ ಗುಣಿಸಿದರೆ 44 ಗ್ರಾಂ ಬರುತ್ತದೆ. 60 ಕೆಜಿ ತೂಕದವರಿಗೆ ಇಡೀ ದಿನಕ್ಕೆ ಬೇಕಾಗುವುದೇ ಸುಮಾರು 50 ಗ್ರಾಂ. ಸಾರು ಕುಡಿದೇ ದಿನದ ಪ್ರೋಟೀನ್ ಮುಗಿಯಿತು ಅಂತ ಕಂಡರೆ, ಲೆಕ್ಕ ಎಲ್ಲೋ ದಾರಿ ತಪ್ಪಿದೆ ಅಂತಲೇ ಅರ್ಥ.

ಹಾಗಾಗಿ ಬಟ್ಟಲನ್ನು ನೋಡಬೇಡಿ, ಪಾತ್ರೆಗೆ ಬಿದ್ದ ಒಣ ಬೇಳೆಯನ್ನು ನೋಡಿ. ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ಮಾಡಿದ ಒಂದು ದಿನದ ಸಾರು ತಗೊಳ್ಳೋಣ. ಬೇಳೆಯನ್ನು ತೊಳೆಯುವ ಮೊದಲೇ ತೂಗಿದೆ, 50 ಗ್ರಾಂ ಬಂತು. ಎರಡು ಟೊಮೇಟೊ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಎರಡು ಚಮಚ ಸಾರಿನ ಪುಡಿ, ಚೂರು ಬೆಲ್ಲ. ಒಗ್ಗರಣೆಗೆ ಎರಡು ಟೀ ಚಮಚ ತುಪ್ಪ. ಕುದಿಸಿ ಇಳಿಸಿದಾಗ ಸರಿಯಾಗಿ ಒಂದು ಲೀಟರ್.

ಬೇಳೆಯಿಂದ ಸುಮಾರು 170 ಕ್ಯಾಲರಿ. ತುಪ್ಪದಿಂದ 90. ಉಳಿದದ್ದೆಲ್ಲ ಸೇರಿ ಒಂದು 100 ಅನ್ನಿ. ಒಟ್ಟು 360. ಪ್ರೋಟೀನ್ ಬೇಳೆಯಿಂದ 11 ಗ್ರಾಂ, ಮಿಕ್ಕಿದ್ದರಿಂದ ಒಂದೆರಡು ಗ್ರಾಂ. 200 ಮಿಲಿಯ ಒಂದು ಬಟ್ಟಲಿಗೆ ಹಂಚಿದರೆ 70 ಕ್ಯಾಲರಿ, ಎರಡೂವರೆ ಗ್ರಾಂ ಪ್ರೋಟೀನ್. ಅಷ್ಟೇ!

ನನಗೆ ಆಶ್ಚರ್ಯವಾದದ್ದು ಎರಡು ವಿಷಯ. ಆ ಕ್ಯಾಲರಿಯಲ್ಲಿ ಕಾಲು ಭಾಗ ಎರಡು ಚಮಚ ತುಪ್ಪದ್ದು. ಒಗ್ಗರಣೆಗೆ ಅಳತೆ ಇಲ್ಲದೆ ಸುರಿಯುವ ಮನೆಯಲ್ಲಿ ಬೇಳೆಗಿಂತ ಎಣ್ಣೆಯನ್ನೇ ಮೊದಲು ಬರೆಯಬೇಕು. ಎರಡನೆಯದು ಅನ್ನ. ಈ ಸಾರಿಗೆ ಕಲಸಿದ 200 ಗ್ರಾಂ ಅನ್ನದಲ್ಲಿ 260 ಕ್ಯಾಲರಿಯ ಜೊತೆ ಸುಮಾರು 5 ಗ್ರಾಂ ಪ್ರೋಟೀನ್ ಇದೆ. ಅಂದರೆ ಸಾರನ್ನದಲ್ಲಿ ಪ್ರೋಟೀನ್ ಜಾಸ್ತಿ ಕೊಡುವುದು ಸಾರಲ್ಲ, ಅನ್ನ.

ಎರಡೂವರೆ ಗ್ರಾಂ ಅನ್ನುವುದೂ ಚೆನ್ನಾಗಿ ಕಲಕಿ ಬಡಿಸಿದರೆ ಮಾತ್ರ. ಸಾರನ್ನು ಗಾಜಿನ ಲೋಟಕ್ಕೆ ಹಾಕಿ ಅರ್ಧ ಗಂಟೆ ಸುಮ್ನೆ ಬಿಟ್ಟು ನೋಡಿ. ಬೇಳೆ ಅಡಿಯಲ್ಲಿ ಹಳದಿ ಪದರವಾಗಿ ಕೂರುತ್ತದೆ, ಮೇಲೆ ಕೆಂಪಗಿನ ತಿಳಿ ನಿಲ್ಲುತ್ತದೆ. ಆ ತಿಳಿಯಲ್ಲಿ ಹುಳಿ, ಉಪ್ಪು, ಖಾರದ ಜೊತೆ ಬೇಳೆಯಿಂದ ಕರಗಿ ಬಂದ ಅಷ್ಟಿಷ್ಟು ಸತ್ವ ಇರುತ್ತದೆ, ಸೊನ್ನೆ ಅಲ್ಲ. ಆದರೆ ಹೆಚ್ಚಿನ ಪಾಲು ಅಡಿಯಲ್ಲೇ. ಮೊದಲು ಬಡಿಸಿಕೊಂಡವನಿಗೆ ನೀರು, ಕೊನೆಗೆ ಕೂತವರಿಗೆ ಗಟ್ಟಿ. ನಮ್ಮಮ್ಮ "ಕೆಳಗಿಂದ ಕಲಕಿ ಬಡ್ಸೋ" ಅನ್ನುತ್ತಿದ್ದುದು ರುಚಿಗೆ. ಲೆಕ್ಕಕ್ಕೂ ಅದೇ ಸರಿ.

ತೊವ್ವೆಯ ಕಥೆಯೇ ಬೇರೆ. ಅಲ್ಲಿ ಒಬ್ಬರಿಗೆ 30 ಗ್ರಾಂ ಒಣ ಬೇಳೆ ಬಿದ್ದರೆ ಬೇಳೆಯಿಂದಲೇ 100 ಕ್ಯಾಲರಿ, ಆರೂವರೆ ಗ್ರಾಂ ಪ್ರೋಟೀನ್ ಸಿಗುತ್ತದೆ. ಇದನ್ನು ಬಿಡುವ ಹಾಗಿಲ್ಲ. ನಾನು ಇಟ್ಟುಕೊಂಡ ಗೆರೆ ಹೀಗಿದೆ: ತಲೆಗೆ 15 ಗ್ರಾಂ ಒಣ ಬೇಳೆ ದಾಟಿದರೆ ತೂಗಿ ಬರೆಯುತ್ತೇನೆ. ಅದಕ್ಕಿಂತ ಕಡಿಮೆ ಇದ್ದರೆ ಪ್ರತಿ ಬಟ್ಟಲಿಗೆ 70 ಕ್ಯಾಲರಿ ಅಂತ ಬರೆದು, ಪ್ರೋಟೀನ್ ಕಾಲಂ ಖಾಲಿ ಬಿಡುತ್ತೇನೆ. ಮೂರು ಬಟ್ಟಲು ಕುಡಿಯುವವರು ಆ 70 ಅನ್ನು ಮೂರು ಸಲ ಬರೆಯಬೇಕು, ಅಲ್ವಾ? 210 ಅಂದರೆ ಮುಕ್ಕಾಲು ತಟ್ಟೆ ಅನ್ನದಷ್ಟಾಯಿತು.

ಬೇಳೆ ಬೇಯಿಸಿದ್ದೆಲ್ಲ ಸಾರಿಗೆ ಹೋಗದ ದಿನವೂ ಉಂಟು. ಒಬ್ಬಟ್ಟಿನ ದಿನ ಬೇಳೆ ಬೇಯಿಸಿ ಕಟ್ಟು ಬಸಿಯುತ್ತಾರೆ. ಬೇಳೆ ಹೂರಣಕ್ಕೆ, ಕಟ್ಟು ಸಾರಿಗೆ. ಅವತ್ತು ಅರ್ಧ ಕೆಜಿ ಬೇಳೆ ಬೇಯಿಸಿದ್ದೇವೆ ಅಂತ ಸಾರಿಗೆ ಪ್ರೋಟೀನ್ ಬರೆದರೆ ತಪ್ಪು, ಅದು ಹೂರಣದ ಜೊತೆ ಹೊರಟುಹೋಗಿದೆ. ಆದರೆ ಆ ಸಾರಿಗೆ ಒಂದು ಹಿಡಿ ಹೂರಣ ಕಲಸಿ, ತೆಂಗಿನಕಾಯಿ ರುಬ್ಬಿ ಹಾಕುತ್ತಾರಲ್ಲ, ಅದನ್ನು ಮಾತ್ರ ಬರೆದುಕೊಳ್ಳಿ. 20 ಗ್ರಾಂ ಹಸಿ ಕಾಯಿ ಒಂದೇ 70 ಕ್ಯಾಲರಿ.