ಸರ್‌ಪ್ರೈಸ್ ಬೇಡ, ಉಂಡೆಯ ಹೆಸರು ಬರೆಯಿರಿ

ಮುಂಬೈಯಲ್ಲಿ ಮನೆಯಿಂದಲೇ ಹೋಳಿಗೆ, ಚಕ್ಕುಲಿ, ಕೇಕ್ ಮಾಡಿ ಮಾರುವ ನಮ್ಮ ಹೆಣ್ಣುಮಕ್ಕಳ ಇನ್‌ಸ್ಟಾಗ್ರಾಂ ಪುಟಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹಬ್ಬ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕೆ ಅರ್ಧ ಒಂದೇ ಥರದವು. ಡೆಲಿವರಿ ತಡವಾಗಿದೆ, ಕ್ಷಮೆ ಕೇಳಿ ಪೋಸ್ಟ್ ಹಾಕಿದ್ದೇವೆ, ಸಮಾಧಾನಕ್ಕೆ ಒಂದು ಸಿಹಿಯನ್ನೂ ಕೊಡುತ್ತೇವೆ ಅಂದಿದ್ದೇವೆ, ಆದರೂ ಜನ ಬೈಯುತ್ತಿದ್ದಾರೆ. ಪೋಸ್ಟ್ ತೆಗೆದು ನೋಡಿದರೆ ಪ್ರತಿ ಸಲವೂ ಅದೇ ಮಾತು: ‘ಕೆಲವು ಅನಿವಾರ್ಯ ಕಾರಣಗಳಿಂದ ಡೆಲಿವರಿ ತಡವಾಗಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ, ನಿಮಗೆಲ್ಲ ಒಂದು ಸಿಹಿ ಸರ್‌ಪ್ರೈಸ್ ಕಾದಿದೆ!’ ಪಕ್ಕದಲ್ಲಿ ತುಪ್ಪ ಸುರಿಯುತ್ತಿರುವ ಹೋಳಿಗೆಯ ಚಂದದ ಚಿತ್ರ, ಕೆಳಗೆ ನಾಲ್ಕು ಕೈಮುಗಿದ ಎಮೋಜಿ.

ಈ ಒಂದು ವಾಕ್ಯ ಮಾಡುವ ಅನಾಹುತವನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ತಲೆಗೆ ಹೋಗುವುದಿಲ್ಲ. ಆದ್ದರಿಂದ ಒಂದು ನಿಜವಾದ ಪ್ರಸಂಗವನ್ನೇ ಎದುರಿಗಿಟ್ಟುಕೊಂಡು ಬರೆಯುತ್ತೇನೆ. ಹೆಸರು ಬೇಡ. ಡೊಂಬಿವಲಿಯವರು, ತವರು ಧಾರವಾಡದ ಕಡೆ.

2025ರ ಯುಗಾದಿ ಮಾರ್ಚ್ 30, ಭಾನುವಾರ ಬಂದಿತ್ತು. ಅದೇ ದಿನ ಗುಡಿ ಪಾಡವಾ. ಅಂದರೆ ನಮ್ಮವರಿಗೂ ಹೋಳಿಗೆ ಬೇಕು, ಮರಾಠಿ ಮನೆಗಳಿಗೂ ಪೂರಣ ಪೋಳಿ ಬೇಕು. ಇವರು ಎರಡು ಬ್ಯಾಚ್ ಮಾಡಿಕೊಂಡಿದ್ದರು. ಮಾಟುಂಗಾ, ದಾದರ್, ಸಾಯನ್ ದೂರ, ಹಾಗಾಗಿ ಆ ಡಬ್ಬಿಗಳು ಬೆಳಗಿನ ಜಾವವೇ ಹೊರಟವು. ಠಾಣೆ, ಮುಲುಂಡ್, ಭಾಂಡುಪ್‌ಗೆ ಇಪ್ಪತ್ತು ಡಬ್ಬಿ, ಬೆಳಿಗ್ಗೆ ಹನ್ನೊಂದರೊಳಗೆ ತಲುಪಿಸುವ ಮಾತು. ಈ ಎರಡನೇ ಬ್ಯಾಚಿನ ಹೂರಣ ಕೈಕೊಟ್ಟಿತು. ಅವಸರದಲ್ಲಿ ಬೇಳೆಯ ಕಟ್ಟು ಪೂರ್ತಿ ಬಸಿಯದೆ ಬೆಲ್ಲ ಹಾಕಿದ್ದರು. ಬೆಲ್ಲ ಕರಗಿ ಹೂರಣ ಸಡಿಲವಾಯಿತು. ಸೌಟು ನೆಟ್ಟಗೆ ನಿಲ್ಲಬೇಕಾದ ಹೂರಣದಲ್ಲಿ ಸೌಟು ವಾಲಿ ಬಿತ್ತು. ಅಂಥದ್ದನ್ನು ತುಂಬಿ ತಟ್ಟಿದರೆ ಕಣಕ ಹರಿದು ಹೆಂಚಿಗೆ ಅಂಟುತ್ತದೆ, ಅದು ಅಡುಗೆ ಮಾಡುವವರಿಗೆಲ್ಲ ಗೊತ್ತು. ಮತ್ತೆ ಒಲೆಗೇರಿಸಿ ನೀರು ಇಂಗಿಸಿ, ಆರಿಸಿ, ಉಂಡೆ ಕಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿ ಹೋಯಿತು.

ಬೆಳಿಗ್ಗೆ ಹತ್ತಕ್ಕೇ ಅವರು ಮೇಲಿನ ವಾಕ್ಯವನ್ನು ಅಂಟಿಸಿಬಿಟ್ಟಿದ್ದರು. ಅರ್ಧ ಗಂಟೆಯಲ್ಲಿ ಮೂರು ಥರದ ಫೋನು. ಮಾಟುಂಗಾದವರು ಹೋಳಿಗೆ ತಿಂದು ಕೈ ತೊಳೆದು ಕೇಳಿದರು, ‘ನಮ್ಮ ಸರ್‌ಪ್ರೈಸ್ ಎಲ್ಲಿ?’ ಮುಲುಂಡಿನವರು ಕೇಳಿದರು, ‘ಹೋಳಿಗೆ ಬರ್ತದೋ ಇಲ್ಲೋ, ಅದರ ಬದಲು ಬೇರೆ ಏನೋ ಕೊಡ್ತೀರಾ?’ ಆರ್ಡರನ್ನೇ ಮಾಡದ ಇನ್ನಿಬ್ಬರು ಉಚಿತ ಸಿಹಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ತಪ್ಪು ಯಾರದ್ದೂ ಅಲ್ಲ. ‘ನಿಮಗೆಲ್ಲ’ ಅಂದಮೇಲೆ ಎಲ್ಲರೂ ಬರುತ್ತಾರೆ.

ಕ್ಷಮೆಯ ಕ್ಯಾಪ್ಷನ್ನಿಗೆ ಓದುಗರು ಪುಟದ ಸಾವಿರ ಜನ ಅಲ್ಲ, ಆ ಇಪ್ಪತ್ತು ಮನೆಯವರು. ಅವರಿಗೆ ಮೊದಲು ಫೋನು ಹೋಗಬೇಕು, ಇಲ್ಲವೇ ವಾಟ್ಸಾಪಿನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಮೆಸೇಜು. ಕ್ಯಾಪ್ಷನ್ ಆಮೇಲೆ. ಫೋನಿಗೆ ಸಿಗದವರಿಗೆ, ಮನೆಯಲ್ಲಿ ಆರ್ಡರ್ ಮಾಡಿದವರು ಒಬ್ಬರು, ಡಬ್ಬಿಗಾಗಿ ಕಾಯುವವರು ಇನ್ನೊಬ್ಬರು ಇರುವಲ್ಲಿಗೆ ಅದು ಬೇಕು. ಅವರು ಪುಟ ತೆರೆದಾಗ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಉಳಿದದ್ದು ‘ಮೋರ್’ ಒತ್ತಿದರೆ ಉಂಟು, ಇಲ್ಲವಾದರೆ ಇಲ್ಲ. ಆ ಎರಡು ಸಾಲನ್ನು ‘ಪ್ರಿಯ ಗ್ರಾಹಕ ಬಂಧುಗಳೇ’ ಎಂದು ಕಳೆದುಬಿಟ್ಟರೆ ಮುಗಿಯಿತು. ಅಲ್ಲಿ ಊರಿನ ಹೆಸರು ಬೇಕು, ದಿನ ಬೇಕು, ಗಂಟೆ ಬೇಕು.

ದಿನ ಎಂದರೆ ತಾರೀಖು. ‘ಇಂದು ಸಂಜೆ’ ಎಂದು ಬರೆಯಬೇಡಿ. ಇನ್‌ಸ್ಟಾಗ್ರಾಂ ಪೋಸ್ಟುಗಳನ್ನು ಹಾಕಿದ ಕ್ರಮದಲ್ಲೇ ಎಲ್ಲರಿಗೂ ತೋರಿಸುವುದಿಲ್ಲ. ಭಾನುವಾರ ಹಾಕಿದ್ದು ಕೆಲವರ ಕಣ್ಣಿಗೆ ಮಂಗಳವಾರ ಬೀಳುತ್ತದೆ. ಮಂಗಳವಾರ ‘ಇಂದು ಸಂಜೆ ಆರಕ್ಕೆ’ ಎಂದು ಓದಿದವರು ಇನ್ನೂ ನಿಮ್ಮ ಡಬ್ಬಿಗಳು ದಾರಿಯಲ್ಲೇ ಇವೆ ಎಂದುಕೊಳ್ಳುತ್ತಾರೆ, ಮುಂದಿನ ಹಬ್ಬಕ್ಕೆ ಬೇರೆಯವರನ್ನು ಹುಡುಕುತ್ತಾರೆ. ವಾಟ್ಸಾಪ್ ಸ್ಟೇಟಸ್ಸಾದರೆ ಇಪ್ಪತ್ನಾಲ್ಕು ಗಂಟೆಗೆ ತಾನೇ ಹೋಗುತ್ತದೆ, ಅಲ್ಲಿ ‘ಇಂದು’ ನಡೆಯುತ್ತದೆ. ಪೋಸ್ಟಿನಲ್ಲಿ ನಡೆಯುವುದಿಲ್ಲ.

ಕಾರಣವನ್ನು ಒಂದೇ ಸಾಲಿನಲ್ಲಿ, ಇದ್ದದ್ದು ಇದ್ದಂತೆ ಹೇಳಿಬಿಡಿ. ಇವರು ನನ್ನನ್ನು ಕೇಳಿದರು, “ಅಕ್ಕಾ, ಟ್ರೇನ್ ಲೇಟ್ ಅಂತ ಹಾಕಿಬಿಡ್ಲೇನ್ರೀ? ಹೂರಣ ಕೆಟ್ಟದ್ದು ಹೇಳಿದ್ರ ಹೆಸರು ಕೆಡ್ತದಲ್ರೀ.” ಸೆಂಟ್ರಲ್ ಲೈನಿನ ಮೇಲೆ ಬದುಕುವವರಿಗೆ ಟ್ರೇನಿನ ಸುಳ್ಳು ಹೇಳುವ ಧೈರ್ಯ ನನಗಂತೂ ಇಲ್ಲ. ಯಾವ ಗಾಡಿ ಎಲ್ಲಿ ನಿಂತಿದೆ, ಮೆಗಾ ಬ್ಲಾಕ್ ಎಷ್ಟರಿಂದ ಎಷ್ಟಕ್ಕೆ ಎಂಬುದು ಅವರಿಗೆ ನಿಮಗಿಂತ ಮೊದಲೇ ಗೊತ್ತಿರುತ್ತದೆ. ‘ನಾನೂ ಅದೇ ಹೊತ್ತಿಗೆ ಠಾಣೆಗೆ ಬಂದೆನಲ್ಲ’ ಎಂದು ಒಬ್ಬರು ಕಾಮೆಂಟ್ ಹಾಕಿದರೆ ಆಮೇಲೆ ಏನು ಬರೆದರೂ ಕಥೆಯೇ. ಹೂರಣ ಸಡಿಲವಾಯಿತು, ಅದನ್ನು ಹಾಗೇ ಕಳಿಸಲಿಲ್ಲ ಎಂದರೆ ಹೆಸರು ಕೆಡುವುದಿಲ್ಲ. ಇನ್ನೊಂದು ವಿಷಯ: ತಡವಾದ ತಿಂಡಿಯ ಬಗ್ಗೆ ಗಿರಾಕಿಗಳ ಮನಸ್ಸಿನಲ್ಲಿ ಮೊದಲು ಬರುವ ಪ್ರಶ್ನೆ ‘ಇದು ಯಾವಾಗ ಮಾಡಿದ್ದು?’ ಎಂಬುದು. ಮಾರ್ಚ್ ಕೊನೆಯ ಮುಂಬೈ ಸೆಖೆಯಲ್ಲಿ ಈ ಪ್ರಶ್ನೆ ನ್ಯಾಯವಾದದ್ದೇ. ಹೋಳಿಗೆ ಬೇಯಿಸಿದ ಹೊತ್ತನ್ನು ಕೇಳುವ ಮೊದಲೇ ಬರೆಯಿರಿ.

ಈಗ ಆ ಸರ್‌ಪ್ರೈಸಿಗೆ ಬರುತ್ತೇನೆ. ನನಗೆ ಸಿಟ್ಟು ಬರುವುದು ಇಲ್ಲೇ. ಮುಂಬೈಯಲ್ಲಿ ತಿನ್ನುವ ವಸ್ತುವನ್ನು ಗುಟ್ಟಾಗಿಟ್ಟು ಕೊಡಬಾರದು. ಒಬ್ಬರು ಜೈನರು, ಒಬ್ಬರು ಮೊಟ್ಟೆ ಮುಟ್ಟುವುದಿಲ್ಲ, ಒಬ್ಬರಿಗೆ ಅಂದು ಉಪವಾಸ, ಇನ್ನೊಬ್ಬರ ಮಗುವಿಗೆ ಶೇಂಗಾ ಆಗುವುದಿಲ್ಲ. ಶೇಂಗಾ ಅಲರ್ಜಿ ಆಟದ ಮಾತಲ್ಲ, ಕೆಲವರಿಗೆ ಜೀವಕ್ಕೇ ಬರುತ್ತದೆ. ಅವರಿಗೆ ನಿಮ್ಮ ಸರ್‌ಪ್ರೈಸ್ ಡಬ್ಬಿ ಮತ್ತೊಂದು ತಲೆನೋವು. ಏನು ಕೊಡುತ್ತೀರಿ, ಅದರಲ್ಲಿ ಏನೇನಿದೆ, ಎಷ್ಟು, ಯಾರಿಗೆ ಎಂಬುದನ್ನು ಹೆಸರಿಟ್ಟು ಬರೆಯಿರಿ. ಆರ್ಡರ್ ಮಾಡಿದ್ದರ ಜೊತೆಗೆ ಕೊಡುತ್ತೀರೋ, ಅದರ ಬದಲಿಗೋ, ಅದನ್ನೂ ಹೇಳಿ. ‘ರಿಪ್ಲೇಸ್‌ಮೆಂಟ್ ಟ್ರೀಟ್’ ಎಂದಷ್ಟೇ ಹಾಕಿದರೆ ಹೋಳಿಗೆಯ ದುಡ್ಡಿಗೆ ಉಂಡೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದಾರೆ ಎಂದೇ ಜನ ಓದುತ್ತಾರೆ.

ಬದಲಿ ಎನ್ನುವುದು ದುಡ್ಡಿನ ಪ್ರಶ್ನೆ ತೀರಿದ ಮೇಲಿನ ಮಾತು. ಯುಗಾದಿಯ ಹೋಳಿಗೆ ನೈವೇದ್ಯಕ್ಕೆ. ಪೂಜೆ ಮುಗಿದ ಮೇಲೆ ಅದು ಬೇಡ ಎನ್ನುವ ಹಕ್ಕು ಅವರಿಗಿದೆ. ಮೊದಲು ‘ಬೇಡದಿದ್ದರೆ ಪೂರ್ತಿ ಹಣ ವಾಪಸ್ಸು’ ಬರಬೇಕು, ಅದಾದ ಮೇಲೆ ಉಂಡೆ. ಹಣ ವಾಪಸ್ಸು ತೆಗೆದುಕೊಂಡವರಿಗೂ ಉಂಡೆ ಹೋಗಬೇಕು ಎನ್ನುವುದು ನನ್ನ ಅಭಿಪ್ರಾಯ. ಹಬ್ಬ ಕೆಟ್ಟದ್ದು ಅವರದ್ದೇ ಹೆಚ್ಚು. ಕೈಯಲ್ಲಿ ಅಷ್ಟು ಓಡದಿದ್ದರೆ ಬಿಡಿ, ಆದರೆ ಬಿಟ್ಟದ್ದನ್ನು ಸ್ಪಷ್ಟವಾಗಿ ಬರೆಯಿರಿ.

ಕೊಡುವ ತಿಂಡಿಯನ್ನು ಆರಿಸುವಾಗ ನಿಮ್ಮ ಒಲೆಯ ಕಡೆ ನೋಡಿ. ಇವರು ಮೊದಲು ಪಾಯಸ ಕೊಡುತ್ತೇನೆ ಎಂದರು. ಇಪ್ಪತ್ತು ಮನೆಗೆ ಪಾಯಸ, ಅದೂ ಲೋಕಲ್ ಟ್ರೇನಿನಲ್ಲಿ! ಹೆಂಚು ಅಷ್ಟೊತ್ತಿಗೆ ಹೋಳಿಗೆಗೇ ಸಾಲುತ್ತಿರಲಿಲ್ಲ. ಹೆಂಚಿನ ಹಂಗಿಲ್ಲದೆ ಆಗುವಂಥದ್ದು, ಚೆಲ್ಲದೇ ಇರುವಂಥದ್ದು, ನಾಲ್ಕು ದಿನ ಕೆಡದೇ ಇರುವಂಥದ್ದು ಬೇಕು. ಹುರಿದ ಶೇಂಗಾ ಮನೆಯಲ್ಲೇ ಇತ್ತು. ಸಿಪ್ಪೆ ಕೇರಿ, ಬೆಲ್ಲದ ಜೊತೆ ಕುಟ್ಟಿ, ಏಲಕ್ಕಿ ಹಾಕಿ ಕಟ್ಟಿದರೆ ಉಂಡೆ. ಮನೆಗೆ ಆರರಂತೆ ನೂರಿಪ್ಪತ್ತು. ಶೇಂಗಾ ಆಗದವರಿಗೆ ರವೆ ಉಂಡೆ, ಅದು ಹಿಂದಿನ ದಿನದ ಆರ್ಡರಿನಲ್ಲಿ ಉಳಿದಿತ್ತು. ಕ್ಷಮೆಗೆಂದು ಹೇಳಿದ ತಿಂಡಿಯೇ ತಡವಾದರೆ ಅದಕ್ಕೆ ಮತ್ತೊಂದು ಪೋಸ್ಟ್ ಬರೆಯಬೇಕಾಗುತ್ತದೆ, ಅಂಥದ್ದನ್ನೂ ಕಂಡಿದ್ದೇನೆ.

ಕೊನೆಗೆ ಹೋದ ಕ್ಯಾಪ್ಷನ್ ಇದು:

‘ಠಾಣೆ, ಮುಲುಂಡ್, ಭಾಂಡುಪ್: ಮಾರ್ಚ್ 30, ಭಾನುವಾರ ಬೆಳಿಗ್ಗೆ 11ಕ್ಕೆ ಬರಬೇಕಿದ್ದ ಹೋಳಿಗೆ ಸಂಜೆ 6ರಿಂದ 8ರೊಳಗೆ ಬರುತ್ತದೆ. ಕ್ಷಮಿಸಿ.

ಹೂರಣ ಸಡಿಲವಾಯಿತು, ಹಾಗೇ ಕಳಿಸಲು ಮನಸ್ಸಾಗಲಿಲ್ಲ. ನಿಮ್ಮ ಹೋಳಿಗೆ ಅದೇ ದಿನ ಮಧ್ಯಾಹ್ನ 2ರ ನಂತರ ಬೇಯಿಸಿದವು. ನೈವೇದ್ಯದ ಹೊತ್ತು ಮೀರಿತು, ಈಗ ಬೇಡ ಎನ್ನುವವರು ತಿಳಿಸಿ, ಪೂರ್ತಿ ಹಣ ಅಂದೇ ವಾಪಸ್ಸು.

ಈ ಬ್ಯಾಚಿನ 20 ಮನೆಗೂ ಹೋಳಿಗೆಯ ಜೊತೆಗೆ 6 ಶೇಂಗಾ ಉಂಡೆ ನಮ್ಮ ಕಡೆಯಿಂದ. ಶೇಂಗಾ, ಬೆಲ್ಲ, ಏಲಕ್ಕಿ ಅಷ್ಟೇ. ಶೇಂಗಾ ಆಗದವರು ಹೇಳಿ, ರವೆ ಉಂಡೆ ಬೇರೆ ಡಬ್ಬಿಯಲ್ಲಿ ಬರುತ್ತದೆ. ಹಣ ವಾಪಸ್ಸು ಪಡೆದವರಿಗೂ ಉಂಡೆ ತಲುಪಿಸುತ್ತೇವೆ.’

ಇದರ ಕೆಳಗೆ ಇಷ್ಟನ್ನೇ ಮರಾಠಿಯಲ್ಲಿ ಹಾಕಿದೆವು. ಆದರೆ ಕೆಳಗಿನದು ‘ಮೋರ್’ ಹಿಂದೆ ಅಡಗಿರುತ್ತದೆ, ಕನ್ನಡ ಬಾರದವರು ಅದನ್ನು ಒತ್ತುವುದಿಲ್ಲ. ಅದಕ್ಕೇ ಮೂರು ಊರಿನ ಹೆಸರು ಮತ್ತು ಹೊಸ ವೇಳೆಯನ್ನು ಚಿತ್ರದ ಮೇಲೆಯೇ ಮರಾಠಿಯಲ್ಲಿ ಬರೆಸಿದೆ. ಚಿತ್ರವೂ ತುಪ್ಪದ ಹೋಳಿಗೆಯದಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಆರಲು ಹರಡಿದ್ದ ಅಂದಿನ ಹೋಳಿಗೆಯದು, ಫೋನಿನಲ್ಲಿ ತೆಗೆದದ್ದು. ಹಸಿದು ಕಾಯುತ್ತಿರುವವರಿಗೆ ಜಾಹೀರಾತಿನ ಚಿತ್ರ ತೋರಿಸಬಾರದು.

“ಸ್ಟೋರಿಗೆ ಹಾಕಿ ನಮ್ಮನ್ನ ಟ್ಯಾಗ್ ಮಾಡಿದವ್ರಿಗೆ ಉಂಡಿ ಅಂತ ಬರೀಲೇನ್ರೀ ಅಕ್ಕಾ, ಫಾಲೋವರ್ಸೂ ಬರ್ತಾರ?” ಎಂದರು. ಬೇಡವೇ ಬೇಡ ಅಂದೆ. ‘ಮುಂದಿನ ಆರ್ಡರಿಗೆ ರಿಯಾಯಿತಿ’ ಕೂಡ ಈ ಪೋಸ್ಟಿನಲ್ಲಿ ಬೇಡ. ಅದು ಕ್ಷಮೆಯೊಳಗೆ ನುಸುಳಿದ ವ್ಯಾಪಾರ.

ಎಚ್ಚರಿಕೆಗೆ ಒಂದು ಮಾತು. ಇದೆಲ್ಲ ತಡವಾದ, ಆದರೆ ಚೆನ್ನಾಗಿರುವ ತಿಂಡಿಗೆ. ಕಳಿಸಿದ್ದು ಹಳಸಿದೆ ಎಂಬ ಅನುಮಾನ ಬಂದರೆ ಉಂಡೆಯ ಮಾತೇ ಎತ್ತಬೇಡಿ. ‘ತಿನ್ನಬೇಡಿ’ ಎಂಬುದೇ ಮೊದಲ ಸಾಲು, ಅದೂ ಫೋನಿನಲ್ಲಿ, ತಕ್ಷಣ. ದೊಡ್ಡ ಅಂಗಡಿ, ಕಂಪನಿಗಳ ವಿಷಯದಲ್ಲಿ ಲೆಕ್ಕ ಬೇರೆ ಇರಬಹುದು. ನಾನು ಹೇಳುತ್ತಿರುವುದು ಮನೆಯಡುಗೆಯವರಿಗೆ.

ಅಂದು ನಾಲ್ಕು ಮನೆಯವರು ಹಣ ವಾಪಸ್ಸು ಕೇಳಿದರು, ಉಳಿದವರು ಸಂಜೆಗೆ ಹೋಳಿಗೆ ತೆಗೆದುಕೊಂಡರು. ಇಬ್ಬರು ರವೆ ಉಂಡೆ ಬೇಕೆಂದರು. ಮಾಟುಂಗಾದಿಂದ ಮತ್ತೆ ಫೋನು ಬರಲಿಲ್ಲ. ಕೊನೆಯ ಡಬ್ಬಿ ಭಾಂಡುಪಿಗೆ ಮುಟ್ಟಿದ ಮೇಲೆ ಇವರಿಗೆ ಪೋಸ್ಟನ್ನೇ ಅಳಿಸಿಬಿಡುವ ಆಸೆ. ಅಳಿಸಿದರೆ ಮಂಗಳವಾರ ಸ್ಕ್ರೀನ್‌ಶಾಟ್ ಹಿಡಿದು ಕೇಳುವವರಿಗೆ ಉತ್ತರ ಇರುವುದಿಲ್ಲ. ಕ್ಯಾಪ್ಷನ್ ತಿದ್ದಲು ಇನ್‌ಸ್ಟಾಗ್ರಾಂ ಬಿಡುತ್ತದೆ. ಮೊದಲ ಸಾಲಿನ ಮೇಲೆ ‘ಮಾರ್ಚ್ 30, ರಾತ್ರಿ 8.30: ಕಳಿಸಬೇಕಿದ್ದ ಹೋಳಿಗೆ ಎಲ್ಲ ತಲುಪಿದೆ, ಕೇಳಿದ ನಾಲ್ವರಿಗೂ ಹಣ ಹೋಗಿದೆ’ ಎಂದು ಸೇರಿಸಿ, ಉಳಿದದ್ದನ್ನು ಇದ್ದಂತೆಯೇ ಬಿಡಲು ಹೇಳಿದೆ.