ಪೇಟೆ ಕೆಟ್ಟದ್ದು ಆವತ್ತೇ ಗೊತ್ತಿತ್ತೇ?

ನಿಫ್ಟಿಯ ಹಳೆಯ ಚಾರ್ಟಿಗೆ ಶಾಂತ ದಿನಗಳಲ್ಲಿ ಹಸಿರು, ಪ್ರಕ್ಷುಬ್ಧ ದಿನಗಳಲ್ಲಿ ಕೆಂಪು ಬಳಿದ ಚಿತ್ರಗಳನ್ನು ಕೆಲವರು ನೋಡಿರಬಹುದು. ಕುಸಿತ ಶುರುವಾದ ದಿನವೇ ಕೆಂಪೂ ಶುರುವಾಗಿರುತ್ತದೆ. ಇಷ್ಟು ಕರಾರುವಾಕ್ಕಾಗಿದ್ದರೆ ಅನುಮಾನಪಡಲೇಬೇಕು.

ಬಣ್ಣ ಬಳಿಯುವುದು ಸಾಮಾನ್ಯವಾಗಿ ಹಿಡನ್ ಮಾರ್ಕೊವ್ ಮಾಡೆಲ್. ಪೇಟೆಯ ಸ್ಥಿತಿ ನೇರವಾಗಿ ಕಾಣುವುದಿಲ್ಲ, ದಿನದ ಏರಿಳಿತ ಮಾತ್ರ ಕಾಣುತ್ತದೆ. ಅದರಿಂದ ಸ್ಥಿತಿಯನ್ನು ಊಹಿಸಬೇಕು. ಒಂದು ಲೆಕ್ಕ ಮಾಡೋಣ. ದಿನದ ಬದಲಾವಣೆಯ ಸ್ಟ್ಯಾಂಡರ್ಡ್ ಡೀವಿಯೇಶನ್ ಶಾಂತ ಸ್ಥಿತಿಯಲ್ಲಿ ಶೇ 0.8, ಪ್ರಕ್ಷುಬ್ಧ ಸ್ಥಿತಿಯಲ್ಲಿ ಶೇ 2.5 ಎಂದಿಟ್ಟುಕೊಳ್ಳಿ, ಸರಾಸರಿ ಸೊನ್ನೆ. ಶಾಂತ ಸ್ಥಿತಿ ಮರುದಿನವೂ ಮುಂದುವರಿಯುವ ಸಾಧ್ಯತೆ ಶೇ 98, ಪ್ರಕ್ಷುಬ್ಧದ್ದು ಶೇ 95. ಶುಕ್ರವಾರ ಸಂಜೆ ನಮ್ಮ ಅಂದಾಜಿನಲ್ಲಿ ಪ್ರಕ್ಷುಬ್ಧತೆಯ ಸಾಧ್ಯತೆ ಶೇ 5 ಇತ್ತು.

ಸೋಮವಾರ ಪೇಟೆ ಶೇ 1.8 ಇಳಿಯಿತು. ಆ ಸಂಜೆ ಲೆಕ್ಕ ಹಾಕಿದರೆ ಸಾಧ್ಯತೆ ಏರುವುದು ಸುಮಾರು ಶೇ 18ಕ್ಕೆ ಮಾತ್ರ. ಶಾಂತ ಕಾಲದಲ್ಲೂ ಅಂಥ ಒಂದು ದಿನ ಬರಬಹುದಲ್ಲ! ಮಂಗಳವಾರ ಮತ್ತೆ ಶೇ 2, ಬುಧವಾರ ಶೇ 3 ಇಳಿಯಿತು. ಈಗ ಹಿಂದಿರುಗಿ ಸೋಮವಾರದ ಸ್ಥಿತಿ ಏನಾಗಿತ್ತು ಎಂದು ಅದೇ ಮಾಡೆಲ್ಲನ್ನು ಕೇಳಿದರೆ, ಉತ್ತರ ಸುಮಾರು ಶೇ 89. ಎರಡೂ ಉತ್ತರ ಸರಿಯೇ. ಆದರೆ ಸೋಮವಾರ ಸಂಜೆ ಷೇರು ಮಾರಬೇಕೇ ಎಂದು ಯೋಚಿಸುತ್ತಿದ್ದವರ ಕೈಯಲ್ಲಿದ್ದದ್ದು 18. ಚಾರ್ಟಿಗೆ ಕೆಂಪು ಬಳಿದದ್ದು 89. ಆ ಕೆಂಪನ್ನು ನಂಬಿ ಬ್ಯಾಕ್‌ಟೆಸ್ಟ್ ಮಾಡಿದರೆ, ಅಂದರೆ ಹಳೆಯ ಬೆಲೆಗಳ ಮೇಲೆ ತಂತ್ರವನ್ನು ಪರೀಕ್ಷಿಸಿದರೆ, ಬುಧವಾರದ ಸುದ್ದಿ ಓದಿ ಸೋಮವಾರ ಮಾರಿದಂತಾಗುತ್ತದೆ. ಪೈಥಾನಿನ `hmmlearn` ನಲ್ಲಿ `predict_proba` ಕೊಡುವುದು ಈ ಹಿಂದಿರುಗಿ ನೋಡಿದ ಸಂಖ್ಯೆಯನ್ನೇ.

ಹೀಗೆ ಭವಿಷ್ಯದ ಮಾಹಿತಿ ಹಿಂದಿನ ದಿನಕ್ಕೆ ಸೋರುತ್ತದೆ. ಇನ್ನೊಂದು ಸೋರಿಕೆ ಇದಕ್ಕಿಂತ ಸೂಕ್ಷ್ಮ. 0.8, 2.5 ಎಂಬ ಸಂಖ್ಯೆಗಳನ್ನು ಮಾಡೆಲ್ ದತ್ತಾಂಶದಿಂದಲೇ ಕಲಿಯುತ್ತದೆ. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಸುಮಾರು ಶೇ 13 ಕುಸಿಯಿತು. ಆ ದಿನವೂ ಸೇರಿದ ಪೂರ್ತಿ ಇತಿಹಾಸವನ್ನು ಕೊಟ್ಟರೆ, ಪ್ರಕ್ಷುಬ್ಧತೆ ಅಂದರೆ ಎಷ್ಟು ಎಂಬ ಅಳತೆಗೋಲೇ ಅದರಿಂದ ಬದಲಾಗುತ್ತದೆ. ಆ ಗೋಲು ಹಿಡಿದು 2018ನ್ನು ಅಳೆಯುವುದು ಮೋಸದ ಅಳತೆ. ಸಂಜೆ ಸಂಜೆಯ ಸಾಧ್ಯತೆಯನ್ನೇ ಬಳಸಿದರೂ ಈ ಸೋರಿಕೆ ನಿಲ್ಲುವುದಿಲ್ಲ.

ಪರೀಕ್ಷೆ ಸುಲಭ. ಕೊನೆಯ ಎರಡು ವರ್ಷದ ದತ್ತಾಂಶ ಕತ್ತರಿಸಿ ಮಾಡೆಲ್ಲನ್ನು ಹೊಸದಾಗಿ ಹೊಂದಿಸಿ. ಉಳಿದ ಹಳೆಯ ದಿನಗಳ ಬಣ್ಣ ಬದಲಾದರೆ, ಮೊದಲ ಚಿತ್ರಕ್ಕೆ ಭವಿಷ್ಯ ನುಸುಳಿತ್ತು ಎಂದರ್ಥ. ಪ್ರಾಮಾಣಿಕ ದಾರಿ ನಿಧಾನದ್ದು: ಪ್ರತಿ ತಿಂಗಳೂ ಅಲ್ಲಿಯವರೆಗಿನ ದತ್ತಾಂಶದಿಂದಷ್ಟೇ ಕಲಿಸಿ, ಪ್ರತಿ ಸಂಜೆ ಆವರೆಗಿನ ಸರಣಿ ಕೊಟ್ಟು ಉತ್ತರದ ಕೊನೆಯ ಸಾಲನ್ನು ಮಾತ್ರ ತೆಗೆದುಕೊಂಡು, ಮರುದಿನದ ಬೆಲೆಗೆ ವಹಿವಾಟು ನಡೆಸಬೇಕು. ಪ್ರತಿ ಸಲ ಕಲಿಸಿದಾಗಲೂ ಸ್ಥಿತಿಗಳ ಕ್ರಮಸಂಖ್ಯೆ ಅದಲುಬದಲಾಗಬಹುದು. ಹೆಚ್ಚು ಏರಿಳಿತದ್ದೇ ಪ್ರಕ್ಷುಬ್ಧ ಎಂದು ಪ್ರತಿ ಸಲವೂ ಗುರುತಿಸಿಕೊಳ್ಳಿ. ಹೀಗೆ ಮಾಡಿದಾಗ ಕೆಂಪು ಕೆಲವು ದಿನ ತಡವಾಗಿ ಬರುತ್ತದೆ, ಆಗಾಗ ಸುಮ್ಮಸುಮ್ಮನೆ ಬಂದು ಹೋಗುತ್ತದೆ. ಆ ತಡವನ್ನೂ ಹುಸಿ ಎಚ್ಚರಿಕೆಗಳ ಖರ್ಚನ್ನೂ ಕಳೆದು ಉಳಿಯುವ ಲಾಭವೇ ಮಾಡೆಲ್ಲಿನ ನಿಜವಾದ ಲಾಭ.