"ನೀವು ಮಕ್ಕಳಿಗೆ ಕಲಿಸಿದವರು, ಇಲ್ಲಿರೋರು ದೊಡ್ಡವರು" ಅಂದರೆ ಏನು ಹೇಳಬೇಕು?

ಪ್ರಶ್ನೆ: ಸಂಡೂರು ತಾಲ್ಲೂಕಿನ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಎಂಟು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಬಿ.ಎಸ್ಸಿ., ಬಿ.ಇಡಿ. ಆಗಿದೆ. ತೋರಣಗಲ್ಲು ಕಡೆಯ ಕಾರ್ಖಾನೆಗಳಲ್ಲಿ ಕಾರ್ಮಿಕರಿಗೆ ತರಬೇತಿ ಕೊಡುವ ಟ್ರೇನರ್ ಕೆಲಸಕ್ಕೆ ಎರಡು ಸಂದರ್ಶನ ಕೊಟ್ಟೆ. ಎರಡರಲ್ಲೂ ಇದೇ ಮಾತು ಬಂತು. ನನ್ನ ಅನುಭವವನ್ನು ಹೇಗೆ ವಿವರಿಸಲಿ?

ಉತ್ತರ: ಸಂದರ್ಶಕರ ಅನುಮಾನ ವಯಸ್ಸಿನ ಬಗ್ಗೆ ಅಲ್ಲ. ಶಾಲೆಯಲ್ಲಿ ಪರೀಕ್ಷೆ ಬರೆದು ಅಂಕ ಬಂದರೆ ಕಲಿಕೆ ಮುಗಿದಂತೆ. ಕಾರ್ಖಾನೆಯಲ್ಲಿ ತರಬೇತಿ ಮುಗಿಸಿ ಶಿಫ್ಟ್‌ಗೆ ಹೋದ ಕಾರ್ಮಿಕ ತಿಂಗಳಾದ ಮೇಲೂ ಕಲಿತಂತೆ ಮಾಡುತ್ತಿದ್ದಾನಾ ಎಂಬುದೇ ಲೆಕ್ಕ. ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಹಂತ ಹೇಳಿದರು: ತರಬೇತಿ ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ನಡವಳಿಕೆ ಬದಲಾಯಿತೇ, ಸಂಸ್ಥೆಗೆ ಫಲ ಸಿಕ್ಕಿತೇ. ಎಚ್‌ಆರ್ ವಿಭಾಗದವರು ಇವತ್ತಿಗೂ ಇದೇ ಭಾಷೆಯಲ್ಲಿ ಯೋಚಿಸುತ್ತಾರೆ. ಶಿಕ್ಷಕರ ಉತ್ತರ ಸಾಮಾನ್ಯವಾಗಿ ಎರಡನೇ ಹಂತಕ್ಕೇ ನಿಂತುಬಿಡುತ್ತದೆ, ಸಂದರ್ಶಕರು ಕೇಳುತ್ತಿರುವುದು ಮೂರನೆಯದನ್ನು.

ಹಾಗಾಗಿ "ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ತಂದಿದ್ದೇನೆ" ಎಂಬ ಮಾತು ಅಲ್ಲಿ ತೂಗುವುದಿಲ್ಲ. ಅದರಲ್ಲಿ ನಿಮ್ಮ ಪಾಲು ಎಷ್ಟು, ಟ್ಯೂಷನ್ ಪಾಲು ಎಷ್ಟು ಎಂದು ಅವರಿಗೆ ಗೊತ್ತಾಗುವುದಿಲ್ಲ. ಬದಲಿಗೆ ನೀವು ಮಾಡಿದ ಪರಿಹಾರ ಬೋಧನೆಯ ಒಂದೇ ಒಂದು ಪ್ರಸಂಗ ಹೇಳಿ. ಅದಕ್ಕೆ ನಾಲ್ಕು ಅಂಗ ಇರಲಿ: ಎಡವಿದ್ದು ಎಲ್ಲಿ, ನಿಮಗೆ ಗೊತ್ತಾದದ್ದು ಹೇಗೆ, ಏನು ಬದಲಿಸಿದಿರಿ, ಸರಿಹೋಯಿತೆಂದು ಹೇಗೆ ತಿಳಿಯಿತು. ಮಾದರಿಗೆ ಹೀಗೆ:

"ಘಟಕ ಪರೀಕ್ಷೆಯಲ್ಲಿ 48 ಮಕ್ಕಳ ಪೈಕಿ 21 ಮಂದಿ ವಿದ್ಯುತ್ ಮಂಡಲದ ಪ್ರಶ್ನೆಯಲ್ಲಿ ಸೋತರು. ಉತ್ತರಪತ್ರಿಕೆ ಮುಂದಿಟ್ಟುಕೊಂಡು ನೋಡಿದರೆ ಅವರಿಗೆ ಸೂತ್ರ ಬರುತ್ತಿತ್ತು, ವೋಲ್ಟ್‌ಮೀಟರನ್ನು ಸರಣಿಯಲ್ಲಿ ಜೋಡಿಸಿದ್ದರು. ಬೋರ್ಡಿನ ಚಿತ್ರ ಬಿಟ್ಟು, ಮೂರು ಮೂರು ಜನಕ್ಕೆ ಬ್ಯಾಟರಿ, ಬಲ್ಬು, ತಂತಿ, ವೋಲ್ಟ್‌ಮೀಟರ್ ಕೊಟ್ಟು ನಾಲ್ಕು ಪೀರಿಯಡ್ ಕೈಯಾರೆ ಮಾಡಿಸಿದೆ. ಎರಡು ವಾರ ಬಿಟ್ಟು, ಮುಂಚೆ ಹೇಳದೆ ಮತ್ತೆ ಜೋಡಿಸಲು ಹೇಳಿದೆ. 5 ಮಂದಿ ಮಾತ್ರ ತಪ್ಪಿದರು."

ಈ ಅಂಕಿಗಳ ಜಾಗದಲ್ಲಿ ನಿಮ್ಮ ಹಳೇ ಅಂಕಪಟ್ಟಿಯ ನಿಜವಾದ ಅಂಕಿ ಇರಬೇಕು. ಕಟ್ಟಿ ಹೇಳಿದರೆ ಎರಡನೇ ಮರುಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಇಡೀ ಉತ್ತರದಲ್ಲಿ ಬೆಲೆ ಇರುವುದು ಆ "ಎರಡು ವಾರ ಬಿಟ್ಟು" ಎಂಬ ಮಾತಿಗೆ, ಏಕೆಂದರೆ ಮೂರನೇ ಹಂತಕ್ಕೆ ಸೇತುವೆ ಅದೇ. ಅಲ್ಲಿಂದ ನೇರ ಮುಂದುವರಿಯಿರಿ: "ಇಲ್ಲೂ ತರಬೇತಿ ಮುಗಿದು ಎರಡು ವಾರಕ್ಕೆ ಸೂಪರ್‌ವೈಸರ್ ಜೊತೆ ಕೆಲಸದ ಜಾಗಕ್ಕೇ ಹೋಗಿ ನೋಡುತ್ತೇನೆ."

ಡೆಮೊ ಕೇಳುವ ಕಡೆ ಹತ್ತು ನಿಮಿಷ ಸಿಗಬಹುದು. ಶಿಕ್ಷಕರು ಹೆಚ್ಚು ಸೋಲುವುದು ಇಲ್ಲೇ: ಎಂಟು ನಿಮಿಷ ಬೋರ್ಡಿಗೆ ಮುಖ ಮಾಡಿ ಬರೆದು, ಕೊನೆಗೆ "ಅರ್ಥ ಆಯ್ತಾ?" ಅನ್ನುತ್ತಾರೆ. ದೊಡ್ಡವರು ನಾಲ್ಕು ಜನರೆದುರು ಅರ್ಥ ಆಗಲಿಲ್ಲ ಅನ್ನುವುದಿಲ್ಲ, "ಆಯ್ತು ಸಾರ್" ಅಂದುಬಿಡುತ್ತಾರೆ. ಆ ಪ್ರಶ್ನೆಯನ್ನೇ ಕೈಬಿಡಿ.

ಎತ್ತರದಲ್ಲಿ ಕೆಲಸ ಮಾಡುವವರು ಹಾಕುವ ಸೇಫ್ಟಿ ಬೆಲ್ಟ್, ಅಂದರೆ ಫುಲ್ ಬಾಡಿ ಹಾರ್ನೆಸ್, ಡೆಮೊಗೆ ಒಳ್ಳೆಯ ವಿಷಯ. ಮೊದಲು, ಅದನ್ನು ಸಡಿಲ ಕಟ್ಟಿದವನು ಬಿದ್ದರೆ ಏನಾಗುತ್ತದೆ ಎಂದು ಒಂದು ನಿಮಿಷದಲ್ಲಿ ಹೇಳಿ. ಮೂರು ನಿಮಿಷ ತೋರಿಸಿ: ಪಟ್ಟಿ ಎಲ್ಲೂ ಹರಿದಿಲ್ಲ, ಹೊಲಿಗೆ ಬಿಟ್ಟಿಲ್ಲ, ಹಗ್ಗ ಸಿಕ್ಕಿಸುವ ಬೆನ್ನಿನ ಡಿ-ರಿಂಗ್ ಎರಡು ಭುಜದೆಲುಬುಗಳ ನಡುವೆ ಕೂತಿದೆ, ತೊಡೆಯ ಪಟ್ಟಿಯೊಳಗೆ ಚಪ್ಪಟೆ ಅಂಗೈ ಹೋಗುತ್ತದೆ, ಮುಷ್ಟಿ ಹೋಗುವುದಿಲ್ಲ. ಮುಂದಿನ ನಾಲ್ಕು ನಿಮಿಷ ಸಂದರ್ಶಕರಲ್ಲೇ ಒಬ್ಬರಿಂದ ಹಾಕಿಸಿ, ನೀವು ಸುಮ್ಮನೆ ನೋಡಿ. ಉಳಿದ ಎರಡು ನಿಮಿಷಕ್ಕೆ ಬೇಕೆಂದೇ ತಪ್ಪಾಗಿ ಕಟ್ಟಿದ ಬೆಲ್ಟ್ ತೋರಿಸಿ, "ಇದರಲ್ಲಿ ಏನು ತಪ್ಪಿದೆ, ಹುಡುಕಿ ಸಾರ್" ಅನ್ನಿ. ಬೆಲ್ಟ್ ಸಿಗದಿದ್ದರೆ ಹೆಲ್ಮೆಟ್ಟಿನ ಗಲ್ಲಪಟ್ಟಿಯಲ್ಲೂ ಇದೇ ಕ್ರಮ ನಡೆಯುತ್ತದೆ.

ನಿಮ್ಮ ಕಡೆಯ ಶಿಕ್ಷಕರು ಹೇಳುವುದನ್ನೇ ಮರೆಯುವ ಇನ್ನೊಂದು ಆಸ್ತಿ ಭಾಷೆ. ಗುತ್ತಿಗೆ ಕಾರ್ಮಿಕರ ಒಂದೇ ಬ್ಯಾಚಿನಲ್ಲಿ ಕನ್ನಡ, ತೆಲುಗು, ಹಿಂದಿಯವರು ಕೂಡಿರುತ್ತಾರೆ. ನಿಮಗೆ ತೆಲುಗು ಬಂದರೆ ಅದನ್ನು ಬಯೋಡೇಟಾದ ಕೊನೇ ಸಾಲಿಗೆ ತಳ್ಳದೆ, ಡೆಮೊದಲ್ಲೇ ಒಂದು ಸೂಚನೆಯನ್ನು ತೆಲುಗಿನಲ್ಲೂ ಕೊಡಿ.

ಒಂದು ಮಿತಿ ಗೊತ್ತಿರಲಿ. ಟ್ರೇನರ್ ಬೇರೆ, ಸೇಫ್ಟಿ ಆಫೀಸರ್ ಬೇರೆ. ಸೇಫ್ಟಿ ಆಫೀಸರ್ ಆಗಲು ನಿಯಮ ಹೇಳುವ ವಿದ್ಯಾರ್ಹತೆ ಬೇಕು, ಬಿ.ಇಡಿ. ಸಾಲದು. ಯಂತ್ರದ ಪ್ರಶ್ನೆ ಬಂದರೆ "ಅದು ನನಗೆ ಗೊತ್ತಿಲ್ಲ, ಮೊದಲ ವಾರ ಆಪರೇಟರ್ ಪಕ್ಕದಲ್ಲೇ ನಿಂತು ಅವರು ಮಾಡುವುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದುಕೊಳ್ಳುತ್ತೇನೆ" ಅನ್ನಿ. ಪಾಠ ಯೋಜನೆ ಬರೆದು ಪಳಗಿದವರಿಗೆ ಇದು ಹೊಸ ಕೆಲಸವಲ್ಲ.

"ನಿಮ್ಮದೇನಾದರೂ ಪ್ರಶ್ನೆ?" ಎಂದಾಗ, ತರಬೇತಿ ಪಡೆದವರನ್ನು ಆಮೇಲೆ ಕೆಲಸದ ಜಾಗದಲ್ಲಿ ನೋಡುವವರು ಯಾರು ಎಂದು ಕೇಳಿ. "ಯಾರೂ ಇಲ್ಲ, ಹಾಜರಿ ಸಹಿ ಇದ್ದರೆ ಸಾಕು" ಎಂಬ ಉತ್ತರ ಬಂದರೆ, ಆ ಕೆಲಸ ನಿಮಗೆ ಬೇಕಾ ಎಂದು ಮನೆಗೆ ಹೋಗಿ ಯೋಚಿಸಿ.